ಜಂಬಕ್ಕ ಕೊಟ್ಟ ತಾರೀಖು

ಮಗಳ ಸಂದೇಶ ಬಂದಾಗ ಜಂಬಕ್ಕ ಕಾನಹೊಸಹಳ್ಳಿಯಾಚೆಯ ಕೆರೆಯಲ್ಲಿ ಕುರಿಗಳಿಗೆ ನೀರು ಕುಡಿಸುತ್ತಿದ್ದಳು. ಅವ್ವನಿಗೆ ಓದು ಬಾರದೆಂದು ಸುಜಾತಾ ಯಾವಾಗಲೂ ಮಾತಿನಲ್ಲೇ ಕಳಿಸುವವಳು. ಇವತ್ತಿನ ಮಾತಿಗೆ ಮಾತ್ರ ಏದುಸಿರಿತ್ತು.

“ಅವ್ವಾ, ಗಾಬರಿ ಆಗಬ್ಯಾಡ. ನಿನ್ನೆ ನೀನು ಕಟ್ಟಿಸಿದ ಫೀಸು ಖಾತೆಯಿಂದ ಕಟ್ ಆಗೇತಿ, ರಸೀತಿ ಬಂದಿಲ್ಲ. ಇಲ್ಲಿ ಹರಪನಹಳ್ಳಿ ಕಾಲೇಜಿನ್ಯಾಗ ರಸೀತಿ ಕೇಳ್ತಾರ. ನಾಕು ಗಂಟಿಯೊಳಗ ಕೊಡದಿದ್ರ ನನ್ನ ಬಿ.ಎಸ್ಸಿ ಸೀಟು ಬ್ಯಾರೆಯವರಿಗೆ ಹೋಕ್ಕತಿ. ಹಂಗಂತ ನೀನು ಮತ್ತೊಮ್ಮಿ ಕಟ್ಟಬ್ಯಾಡ. ಕಾಲೇಜಿಗೆ ಮುಟ್ಟದಿದ್ರ ರೊಕ್ಕ ನಿನ್ನ ಖಾತೆಗೇ ವಾಪಸ್ ಬರ್ತೈತಿ, ಆದ್ರ ನಾಕಾರು ದಿನ ಹಿಡಿತೈತಿ. ಮುಟ್ಟಿದ್ರ ರಸೀತಿ ವೆಬ್‌ಸೈಟಿನ್ಯಾಗ ಇರಬೇಕು. ಕಟ್ಟಿದ ದಿನ, ನಿನ್ನ ಫೋನ್ ನಂಬರು, ನನ್ನ ಹುಟ್ಟಿದ ದಿನ ಹಾಕಿ ಹುಡುಕಿದೆ. ಸಿಗವಲ್ದು.”

ಜಂಬಕ್ಕ ಹಣೆ ಚಚ್ಚಿಕೊಂಡಳು. ತಪ್ಪೆಲ್ಲ ತನ್ನದೇ! ನಿನ್ನೆ ಆನ್‌ಲೈನ್ ಅಂಗಡಿಯ ಪುಷ್ಪಲತಾ ಹಣ ಕಟ್ಟುತ್ತಿದ್ದಂತೆ ಕರೆಂಟು ಹೋಗಿತ್ತು. ಬ್ಯಾಂಕಿನ ಸಂದೇಶ ಫೋನಿಗೆ ಬಂದಿತ್ತಲ್ಲ, ಅದನ್ನು ಓದಿಸಿಕೊಂಡು ಈಕೆ ಮಹಾರಾಣಿಯಂತೆ ಮನೆಗೆ ಬಂದಿದ್ದಳು. ಕಾಗದ ಬೇಕೇ ಬೇಕೆಂದು ಯಾರಿಗೆ ಗೊತ್ತು? ಈಗ ಎರಡೂವರೆ. ಅಂಗಡಿಗೆ ಓಡಿದರೆ ಕುರಿ ಪಕ್ಕದವರ ಜೋಳಕ್ಕೆ ನುಗ್ಗುತ್ತವೆ, ಅದು ಬೇರೆ ರಾಮಾಯಣ.

ಸಂದೇಶವನ್ನು ಮತ್ತೊಮ್ಮೆ ಕಿವಿಗಿಟ್ಟುಕೊಂಡಳು. ‘ನನ್ನ ಹುಟ್ಟಿದ ದಿನ’ ಎಂಬಲ್ಲಿ ಕಿವಿ ನಿಮಿರಿತು. ಪುಷ್ಪಲತಾ ಅದನ್ನು ಕೇಳಿದ್ದಳಲ್ಲ! ಹೆತ್ತವಳು ತಡವರಿಸಿದರುಂಟೇ, ಥಟ್ಟನೆ ಹೇಳಿದ್ದಳು. ಆದರೆ ಶಾಲೆಯ ದಾಖಲೆಯಲ್ಲಿರುವುದು ಬೇರೆ. ಊರಿನ ಅರ್ಧ ಮಕ್ಕಳನ್ನು ಜೂನ್ ಒಂದನೇ ತಾರೀಖೇ ಹುಟ್ಟಿಸಿಬಿಟ್ಟ ಪುಣ್ಯಾತ್ಮ ಮೇಷ್ಟ್ರು ಬರೆದದ್ದು ಅದು.

ಜಂಬಕ್ಕ ಫೋನನ್ನು ಬಾಯಿಯ ಹತ್ತಿರ ಹಿಡಿದಳು.

“ಲೇ ಸುಜಿ, ಜೂನ್ ಒಂದು ಹಾಕೀಯೇನು? ಅದು ಮೇಷ್ಟ್ರ ತಾರೀಖು. ನಾನು ಹೇಳಿದ್ದು ಆಗಸ್ಟ್ ಹದಿನೈದು. ಶಾಲಿನ್ಯಾಗ ಝಂಡಾ ಏರಿಸಿ ಹುಡುಗ್ರು ಪೆಪ್ಪರಮೆಂಟು ತಿನ್ನೋ ಹೊತ್ತಿಗೆ ನೀನು ಹುಟ್ಟಿದಿ. ವರ್ಷ ಅದ ಐತಿ, ದಿನ ಅಷ್ಟ ಬ್ಯಾರೆ. ಅದನ್ನ ಹಾಕಿ ನೋಡು.”

ಕಳಿಸಿ ದಡದ ಬಂಡೆಯ ಮೇಲೆ ಕೂತಳು. ಎದ್ದಳು. ಮತ್ತೆ ಕೂತಳು. ಒಂದು ಟಗರು ಬಂದು ಸೆರಗು ಜಗ್ಗಿತು, ಅದಕ್ಕೊಂದು ಏಟು ಬಿತ್ತು. ಉಚ್ಚಂಗೆಮ್ಮನಿಗೆ ಕಾಯಿ ಒಡೆಸುತ್ತೇನೆಂದಳು, ಅದು ಸಾಲದೇನೋ ಅನ್ನಿಸಿ ಸೀರೆಯನ್ನೂ ಸೇರಿಸಿದಳು. ಕೊನೆಗೂ ಫೋನು ಕೂಗಿತು.

“ಸಿಕ್ತವ್ವಾ, ರಸೀತಿ ಸಿಕ್ತು! ಪ್ರಿಂಟ್ ತಗದು ಕೊಟ್ಟೆ. ಸೀಟು ನಂದ.”

ಜಂಬಕ್ಕ ಅಳುತ್ತಲೇ ನಕ್ಕಳು. ಅತ್ತ ಮಗಳು ಮೆಲ್ಲಗೆ ಕೇಳಿದಳು:

“ನನ್ನ ಖರೇ ಹುಟ್ಟಿದ ದಿನ ಇಷ್ಟು ವರ್ಷ ಯಾಕ ಹೇಳಲಿಲ್ಲಬೇ?”

“ನೀನು ಯಾವತ್ತು ಕೇಳಿದ್ದಿ?” ಎಂದಳು ಜಂಬಕ್ಕ. “ಮೇಷ್ಟ್ರು ಕೇಳಲಿಲ್ಲ, ನೀನೂ ಕೇಳಲಿಲ್ಲ. ನಿನ್ನೆ ಆ ಪುಷ್ಪಲತಾ ಒಬ್ಬಾಕಿನೇ ಕೇಳಿದ್ದು.”