ಟೀಚರಮ್ಮನಿಗೆ ಕಟ್ಟಿದ ಗಂಟು

ಬುಕ್ಕಸಾಗರದ ಅಂಗನವಾಡಿಯ ಸೀತಾಬಾಯಿ ಟೀಚರ್‌ಗೆ ನಿವೃತ್ತಿಯ ಉಡುಗೊರೆ ಕೊಡಬೇಕೆಂದು ತಾಯಂದಿರು ಕೂಡಿಸಿದ ದುಡ್ಡೆಲ್ಲ ಒಂದು ಜೊತೆ ಹಿತ್ತಾಳೆ ದೀಪಕ್ಕೇ ಮುಗಿದುಹೋಯಿತು. ಪ್ಯಾಕಿಂಗ್‌ಗೆ ಬಿಡಿಗಾಸೂ ಉಳಿಯಲಿಲ್ಲ.

"ಪ್ಯಾಕಿಂಗ್ ನನಗ ಬಿಡ್ರಿ," ಅಂದಳು ಲಲಿತಾ. ಅವಳೂ, ಈಗ ಅವಳ ಮಗಳೂ, ಅದೇ ಟೀಚರ್ ಕೈಯಲ್ಲಿ ಅ ಆ ಕಲಿತವರು.

ಮನೆಯಲ್ಲಿ ಗಂಡನ ಬೂಟಿನ ಡಬ್ಬ ಇತ್ತು. ಅದನ್ನು ಕೈಗೆತ್ತಿಕೊಂಡದ್ದೇ ತಡ, ಅತ್ತೆ ಉಚ್ಚೆಂಗಮ್ಮ ಹರಿಹಾಯ್ದರು. "ಚಪ್ಪಲಿ ಡಬ್ಬದಾಗ ದೀಪ ಇಡ್ತಿಯೇನ? ಟೀಚರಮ್ಮಗ ಕೊಡೋದದು!"

ಲಲಿತಾ ನಾಲಿಗೆ ಕಚ್ಚಿಕೊಂಡಳು. ಅಟ್ಟದಲ್ಲಿದ್ದ ಸೀರೆಯ ರಟ್ಟಿನ ಡಬ್ಬ ಇಳಿಸಿದಳು. ಮೇಲಿದ್ದ ಅಂಗಡಿಯ ಹೆಸರು ಕಾಣದಂತೆ ಹಳೆ ಕ್ಯಾಲೆಂಡರಿನ ಬಿಳಿ ಬೆನ್ನನ್ನು ಹೊರಮುಖವಾಗಿಸಿ, ಮೂಲೆಗಳನ್ನು ಉಗುರಿನಿಂದ ತೀಡಿ ಅಂಟಿಸಿದಳು. ಆಮೇಲೆ ಟೀಚರ್ ಇಲ್ಲದ ಹೊತ್ತು ನೋಡಿ ಡಬ್ಬವನ್ನು ಅಂಗನವಾಡಿಗೆ ಒಯ್ದು, ಸ್ಟ್ಯಾಂಪ್ ಪ್ಯಾಡಿಗೆ ಒತ್ತಿದ ಮಕ್ಕಳ ಹೆಬ್ಬೆರಳನ್ನು ಆ ಬಿಳಿಯ ಮೇಲೆ ಊರಿಸಿದಳು. ಒಂದೊಂದು ಗುರುತಿಗೂ ಪೆನ್ನಿನಲ್ಲಿ ದೇಟು, ಎಲೆ ಬರೆದು, ಕೆಳಗೆ ಮಗುವಿನ ಹೆಸರು. ಡಬ್ಬದ ಮೇಲೊಂದು ಹೂದೋಟ.

ದೀಪಗಳನ್ನು ಬೇರೆಬೇರೆಯಾಗಿ ಪೇಪರಿನಲ್ಲಿ ಸುತ್ತಿ, ಸಂದಿಗೆಲ್ಲ ಮುದುರಿದ ಪೇಪರ್ ತುಂಬಿ, ಅಲ್ಲಾಡಿಸಿ ನೋಡಿದಳು. ಸದ್ದಿಲ್ಲ.

"ಇದು ತಗೋ," ಎಂದು ಅತ್ತೆ ತಮ್ಮ ಹಸಿರು ನೂಲಿನ ಸೀರೆಯನ್ನೇ ತಂದುಕೊಟ್ಟರು. "ಮಡಿಕಿ ಹರದೈತಿ, ಸೆರಗು ಚಲೋ ಐತಿ."

ಸೆರಗಿನಿಂದ ಚೌಕ ಕತ್ತರಿಸಿ, ಅಂಚು ಹೊಲಿದು, ತೆಳ್ಳಗೆ ಗಂಜಿ ಹಾಕಿ ಇಸ್ತ್ರಿ ಮಾಡಿದಳು. ಡಬ್ಬವನ್ನು ನಡುವೆ ಓರೆಯಾಗಿಟ್ಟು ಎದುರುಬದುರು ಎರಡು ಮೂಲೆಗಳನ್ನು ಮೇಲೆ ಮಡಿಚಿ ಸಿಕ್ಕಿಸಿ, ಉಳಿದೆರಡನ್ನು ಗಂಟು ಹಾಕಿದಳು. ಗಂಟಿನ ತುದಿಗಳು ಒಂದು ಮೇಲೆ, ಒಂದು ಕೆಳಗೆ ಸೆಟೆದು ನಿಂತವು.

"ಹೊಲಕ್ಕ ಬುತ್ತಿ ಒಯ್ದಂಗ ಕಾಣ್ತೈತಿ," ಎಂದು ಅತ್ತೆ ನಕ್ಕರು.

ಲಲಿತಾ ಬಿಚ್ಚಿದಳು, ಮತ್ತೆ ಕಟ್ಟಿದಳು. ಕೊನೆಗೆ ತಪ್ಪು ಹೊಳೆಯಿತು: ಎರಡು ಸುತ್ತಿಗೂ ಎಡದ ತುದಿಯನ್ನೇ ಮೇಲೆ ತರುತ್ತಿದ್ದಳು. ಮೊದಲು ಎಡ ಮೇಲೆ, ಆಮೇಲೆ ಬಲ ಮೇಲೆ ತಂದು ಎಳೆದಾಗ ಗಂಟು ಚಪ್ಪಟೆಯಾಗಿ ಕೂತು, ಕೆಂಪಂಚಿನ ತುದಿಗಳು ಚಿಟ್ಟೆಯ ರೆಕ್ಕೆಯಂತೆ ಅಕ್ಕಪಕ್ಕ ಹರಡಿದವು.

ಸುತ್ತಲ ಊರುಗಳ ಅಂಗನವಾಡಿಯವರೆಲ್ಲ ಸೇರಿದ್ದ ಹೊಸಪೇಟೆಯ ಬೀಳ್ಕೊಡುಗೆ ಸಭೆಯಲ್ಲಿ ಮೇಜಿನ ತುಂಬ ಮಿರಮಿರ ಮಿಂಚುವ ಪೊಟ್ಟಣಗಳಿದ್ದವು. ಹಸಿರು ಗಂಟನ್ನು ಅವುಗಳ ಪಕ್ಕ ಇಡುವಾಗ ಲಲಿತಾಳ ಕೈ ಒಂದು ಗಳಿಗೆ ತಡೆಯಿತು. ಆದರೂ ಇಟ್ಟಳು, ಮುಂದಕ್ಕೇ ಇಟ್ಟಳು.

ಸೀತಾಬಾಯಿಯವರು ಮೊದಲು ಎತ್ತಿಕೊಂಡದ್ದೇ ಅದನ್ನು. ಗಂಟು ಬಿಚ್ಚಿ, ಬಿಳಿ ಡಬ್ಬದ ಮೇಲಿನ ಹೂವುಗಳನ್ನು ಕಂಡು ಕನ್ನಡಕ ಸರಿಪಡಿಸಿಕೊಂಡರು. ಒಂದೊಂದೇ ಹೆಸರನ್ನು ಮೈಕಿನಲ್ಲಿ ಹಾಜರಿ ಕೂಗಿದಂತೆ ಓದಿದರು. ಹಿಂದಿನ ಸಾಲಿನಲ್ಲಿ ಅಮ್ಮಂದಿರ ತೊಡೆಯ ಮೇಲಿದ್ದ ಮಕ್ಕಳು "ಬಂದೀನಿ ಟೀಚರ್!" ಎಂದು ಕಿರುಚಿದವು. ಸಭೆಯೆಲ್ಲ ನಕ್ಕಿತು, ಟೀಚರ್ ಕಣ್ಣೊರೆಸಿಕೊಂಡರು.

ದೀಪಗಳನ್ನು ನೋಡಿ, ಮತ್ತೆ ಹಾಗೆಯೇ ಒಳಗಿಟ್ಟು, ಬಟ್ಟೆ ಕಟ್ಟಲು ಹೋದರು. ತುದಿಗಳು ಸೆಟೆದು ನಿಂತವು.

"ಲಲಿತಾ, ಬಾ ಇಲ್ಲಿ. ನೀ ಹೆಂಗ ಕಟ್ಟಿದ್ದಿ, ತೋರಿಸವಾ."

ಲಲಿತಾ ವೇದಿಕೆ ಹತ್ತಿದಳು. "ಮೊದಲ ಎಡ ಮ್ಯಾಲ, ಆಮ್ಯಾಲ ಬಲ ಮ್ಯಾಲ ರೀ," ಎಂದಳು. ಟೀಚರ್ ಅವಳು ಹೇಳಿದಂತೆ ಮಾಡಿದರು. ಕೆಳಗೆ ಮೆಟ್ರಿಯಿಂದ ಬಂದಿದ್ದ ಇಬ್ಬರು ಹೆಂಗಸರು ತಮ್ಮ ಕರ್ಚೀಫು ಬಿಡಿಸಿ ಜೊತೆಯಲ್ಲೇ ಕಟ್ಟಿ ನೋಡುತ್ತಿದ್ದರು. ಮುಂದಿನ ಸಾಲಿನಿಂದ ಉಚ್ಚೆಂಗಮ್ಮನ ದನಿ ಎಲ್ಲರಿಗೂ ಕೇಳಿಸಿತು:

"ನಮ್ಮ ಸೊಸಿ ರೀ ಆಕಿ."