ಹುಲಿಯಾನ ಕಾಲದ ಹದಿನೈದು ಕಾರ್ಡು

ಕಾರವಾರದ ಪಂಪ್ ಕಾರ್ಖಾನೆಯಲ್ಲಿ ಬೊಮ್ಮಯ್ಯನವರ ನೌಕರಿ ಇನ್ನು ಮೂರೇ ದಿನ. ಇಪ್ಪತ್ತು ವರ್ಷಗಳ ಹಿಂದೆ ಜೋಡಣೆಯ ಸಾಲಿಗೆ, ಖರ್ಚಾದಷ್ಟನ್ನೇ ಕಾರ್ಡು ಕಳಿಸಿ ತರಿಸುವ ಕಾನ್‌ಬಾನ್ ಪದ್ಧತಿ ಬಂದಾಗ, ಪಂಪಿನೊಳಗಿನ ಲೋಹದ ಬಳೆಗಳಾದ ಬುಶ್‌ಗಳಿಗೆ ಹದಿನೈದು ಕಾರ್ಡು ಬೇಕೆಂದು ಲೆಕ್ಕ ಹಾಕಿ, ದುಂಡನೆಯ ಅಕ್ಷರದಲ್ಲಿ ಅವನ್ನು ಬರೆದವರು ಅವರೇ. ಮೂವತ್ತು ಬುಶ್‌ನ ಒಂದು ಟ್ರೇಗೆ ಒಂದು ಕಾರ್ಡು. ಟ್ರೇಯಿಂದ ಮೊದಲ ಬುಶ್ ಎತ್ತಿದೊಡನೆ ಕಾರ್ಡು ಪೆಟ್ಟಿಗೆಗೆ ಬೀಳಬೇಕು. ಅಂಕೋಲೆಯ ವರ್ಕ್‌ಶಾಪಿಗೆ ಹೋಗಿ, ತುಂಬಿದ ಟ್ರೇಯೊಡನೆ ಮರಳಬೇಕು. ತಾವು ಹೋದ ಮೇಲೂ ಆ ಹದಿನೈದು ಉಳಿಯಲೆಂಬುದು ಅವರ ಆಸೆ.

ಹೊಸ ಇಂಜಿನಿಯರ್ ಅನಘಾ ಐದು ಸಾಕೆಂದಳು.

"ದಿನಕ್ಕೆ ನೂರಿಪ್ಪತ್ತು ಬುಶ್ ಖರ್ಚು. ಅಂಕೋಲೆಯವರು ಮಾಡಿ ಕಳ್ಸೂಕೆ ಒಂದು ದಿನ. ಮೇಲೆ ಕಾಲುಭಾಗ ಧೈರ್ಯಕ್ಕೆ, ಒಟ್ಟು ನೂರೈವತ್ತು. ಐದು ಟ್ರೇ. ನಿಮ್ಮ ಹದಿನೈದು ಯಾವ ಕಾಲದ್ದು, ಬೊಮ್ಮಯ್ಯಣ್ಣ?"

"ಹುಲಿಯಾನ ಕಾಲದ್ದು, ತಂಗಿ."

"ಶುರುವಾಯ್ತು ಪುರಾಣ," ಎಂದಳು ಸಾಲಿನ ಮೊದಲ ಮೇಜಿನ ಮಂಗಲಾ, ಕೈ ನಿಲ್ಲಿಸದೆ.

ಆಗ ಕಾರ್ಖಾನೆಗೆ ಸ್ವಂತ ವ್ಯಾನ್ ಇರಲಿಲ್ಲ. ಸಾಮಾನು ತರುವ ಆಳು ಹುಲಿಯಾ ಕಾರ್ಡುಗಳನ್ನು ಅಂಗಿಯೊಳಗಿಟ್ಟುಕೊಂಡು ಅಂಕೋಲೆಯ ಬಸ್ಸು ಹತ್ತುತ್ತಿದ್ದ. ಟ್ರೇಗಳನ್ನು ಬಸ್ಸಿನ ನೆತ್ತಿಗೆ ಬಿಗಿದು, ದಾರಿಯ ತೋಡೂರಿನ ಮಳೆಯಲ್ಲಿ ತೊಯ್ದು ಬರುತ್ತಿದ್ದ. ಇಳಿಯುವಾಗ, "ಒಂದೂ ಉದುರಲಿಲ್ಲ, ಮಾಸ್ತರೇ," ಎನ್ನುತ್ತಿದ್ದ. ಕಾರ್ಡು ಹೋಗಿ ಟ್ರೇ ಬರಲು ಮೂರು ದಿನ. ಹದಿನೈದು ಕಾರ್ಡಿಗಿಂತ ಕಡಿಮೆ ನಡೆಯುತ್ತಿರಲಿಲ್ಲ. ಹುಲಿಯಾ ತೀರಿಕೊಂಡು ಒಂಬತ್ತು ವರ್ಷ. ವ್ಯಾನ್ ಬಂದು ಏಳು.

ಐದೂ ತಪ್ಪೆಂದು ಬೊಮ್ಮಯ್ಯನವರಿಗೆ ಗೊತ್ತಿತ್ತು. ಸುಮ್ಮನಿದ್ದರೆ ಮುಂದಿನ ವಾರ ಸಾಲು ನಿಲ್ಲುತ್ತದೆ. ಮುದುಕನ ಹದಿನೈದೇ ಸರಿ ಎಂದು ಎಲ್ಲರೂ ಹೇಳುತ್ತಾರೆ. ಆ ಯೋಚನೆ ಒಂದು ಗಳಿಗೆ ಸಿಹಿಯಾಯಿತು. ಆದರೆ ಬರಿಗೈಯಲ್ಲಿ ಕೂರುವವಳು ಮಂಗಲಾ.

ಅವರು ಎದ್ದು ಹೋಗಿ ಪೆಟ್ಟಿಗೆಯಿಂದ ಒಂದು ಕಾರ್ಡು ಎತ್ತಿದರು.

"ಮಂಗಲಾ, ಇದನ್ನ ಎಷ್ಟೊತ್ತಿಗೆ ಹಾಕಿದ್ದೆ?"

"ಬೆಳಿಗ್ಗೆ ಎಂಟೂವರೆಗೆ. ದಿನದ ಒಂದೇ ವ್ಯಾನ್ ಎಂಟಕ್ಕೇ ಹೋಗಿತ್ತಲ್ಲ."

"ಹಾಗಾದ್ರೆ ನಾಳೆ ಎಂಟರ ತನಕ ಇದು ಇಲ್ಲೇ ಮಲಗ್ತದೆ," ಎಂದರು ಬೊಮ್ಮಯ್ಯ, ಅನಘಾಳ ಕಡೆ ತಿರುಗಿ. "ನೀ ಅಂಕೋಲೆಯ ಒಂದು ದಿನ ಹಿಡ್ದೆ. ಪೆಟ್ಟಿಗೆಯ ದಿನ ಬಿಟ್ಟೆ."

ಅನಘಾ ಪೆನ್ನು ತೆಗೆದಳು. ಎರಡು ದಿನಕ್ಕೆ ಇನ್ನೂರನಲವತ್ತು, ಕಾಲುಭಾಗ ಸೇರಿ ಮುನ್ನೂರು.

"ಹತ್ತು," ಎಂದಳು ಮೆಲ್ಲಗೆ. ಆಮೇಲೆ, "ಹದಿನೈದಲ್ಲ ಅಲ್ದಾ?"

"ಅಲ್ಲ." ಬೊಮ್ಮಯ್ಯ ಕಾರ್ಡನ್ನು ಮರಳಿ ಪೆಟ್ಟಿಗೆಗೆ ಹಾಕಿದರು. "ಆ ಬಸ್ಸು ಈಗ ಇಲ್ಲ."

ಉಳಿದ ದಿನಗಳಲ್ಲಿ, ಪೆಟ್ಟಿಗೆಗೆ ಬಿದ್ದ ಕಾರ್ಡುಗಳಲ್ಲಿ ಐದನ್ನು ಅವರೇ ಒಂದೊಂದಾಗಿ ಹಿಂತೆಗೆದರು. ಮತ್ತೆ ಬಳಕೆಗೆ ಬಾರದಂತೆ ನಾಲ್ಕರ ಮೂಲೆ ಕತ್ತರಿಸಿ ಅನಘಾಳಿಗೆ ಕೊಟ್ಟರು. ಐದನೆಯದರ ಮೇಲೆ ಮಳೆಗೆ ಹರಡಿದ ಮಸಿಯೂ ಎಣ್ಣೆಯ ಹೆಬ್ಬೆರಳ ಗುರುತೂ ಇದ್ದವು.

"ಅದರ ಮೂಲೆ?" ಎಂದಳು ಅನಘಾ.

"ಇದು ಇನ್ನು ಅಂಕೋಲೆಗೆ ಹೋಗೂದಿಲ್ಲ, ತಂಗಿ," ಎಂದು ಬೊಮ್ಮಯ್ಯ ಅದನ್ನು ಅಂಗಿಯೊಳಗೆ ಇಟ್ಟುಕೊಂಡರು.