ಮೌನಿಕಾ ಕೆಲಸದಲ್ಲಿದ್ದಾಳೆಂಬ ಪತ್ರ

ಕರೀಂ ಸಾಬರು ಪತ್ರವನ್ನು ಗಟ್ಟಿಯಾಗಿ ಓದಿ ಮುಗಿಸಿದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ತಮ್ಮ ರೇಷ್ಮೆ ರೀಲಿಂಗ್ ಮಿಲ್ಲಿನಲ್ಲಿ ನನ್ನ ಮಗಳು ಮೌನಿಕಾ ಆರು ವರ್ಷದಿಂದ ಸೂಪರ್‌ವೈಸರ್ ಆಗಿದ್ದಾಳೆ, ತಿಂಗಳಿಗೆ ಇಪ್ಪತ್ತೈದು ಸಾವಿರ ಸಂಬಳ, ಇಂಥ ನಿಯತ್ತಿನ ಹುಡುಗಿ ಶಿಡ್ಲಘಟ್ಟದಲ್ಲೇ ಇನ್ನೊಬ್ಬಳಿಲ್ಲ, ಸಾಲ ಕೊಟ್ಟರೆ ಒಂದು ಕಂತೂ ತಪ್ಪುವುದಿಲ್ಲ ಎಂದು ಬರೆಸಿದ್ದರು. ಮಿಲ್ಲಿನ ಲೆಟರ್‌ಹೆಡ್ಡಿನಲ್ಲಿ ಟೈಪಾಗಿ, ಸಹಿ ಬಿದ್ದು, ನೀಲಿ ಸೀಲು ಒತ್ತಿಸಿಕೊಂಡು ಅದು ಮದುವೆ ಪತ್ರಿಕೆಯಷ್ಟು ಚೆನ್ನಾಗಿ ಕಾಣುತ್ತಿತ್ತು.

ಮೌನಿಕಾ ಅದನ್ನು ಫೈಲಿನಲ್ಲಿಟ್ಟುಕೊಂಡು ಬ್ಯಾಂಕಿಗೆ ಕೊಡಲು ಚಿಕ್ಕಬಳ್ಳಾಪುರದ ಬಸ್ಸಿಗೆ ಓಡಿದಳು. ಮೇಲೂರಿನಲ್ಲಿ ನಲ್ಲಪ್ಪನವರ ಎರಡು ಕೋಣೆಯ ಮನೆ ಮಾರಾಟಕ್ಕಿತ್ತು. ಹಿಂದೆ ಒಂದು ನುಗ್ಗೆ ಮರ, ಮುಂದೆ ಬಟ್ಟೆ ಒಣಗಿಸುವಷ್ಟು ಜಾಗ. ಬ್ಯಾಂಕಿನವರು ಈ ವಾರ ಅರ್ಜಿ ತೆಗೆದುಕೊಂಡರೆ ಕಾಯುತ್ತೇನೆ, ಇಲ್ಲವಾದರೆ ವಿಜಯಪುರದ ಪಾರ್ಟಿಗೆ ಮಾತು ಕೊಡುತ್ತೇನೆ ಎಂದಿದ್ದರು ನಲ್ಲಪ್ಪ. ಅವತ್ತು ಶುಕ್ರವಾರ. ಉಳಿದೆಲ್ಲ ಕಾಗದ ಕೊಟ್ಟಾಗಿತ್ತು. ಕೆಲಸದ ಪತ್ರ ಒಂದೇ ಬಾಕಿ. ಇಪ್ಪತ್ತು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದ ನಮಗಿಬ್ಬರಿಗೂ ಆ ನುಗ್ಗೆ ಮರ ಆಗಲೇ ನಮ್ಮದಾಗಿತ್ತು. ಅದರ ಸೊಪ್ಪಿನ ಹುಳಿ ಮಾಡುವುದನ್ನೂ ನಾನು ಯೋಚಿಸಿಬಿಟ್ಟಿದ್ದೆ.

ಸಾಬರು ರೇಷ್ಮೆ ಗೂಡಿನ ಹರಾಜಿಗೆ ಮಾರ್ಕೆಟ್ಟಿಗೆ ಹೊರಟರು. ಅವರಿಗೆಂದು ತಂದಿದ್ದ ಮುದ್ದೆ, ಸೊಪ್ಪಿನ ಸಾರಿನ ಡಬ್ಬಿ ಮಿಲ್ಲಿನ ಆಫೀಸಿನ ಮೇಜಿನ ಮೇಲಿಟ್ಟು ನಾನೂ ಏಳುವಷ್ಟರಲ್ಲಿ ಅವರ ಮಗಳು ರೂಬಿ ಬಂದಳು. ಬಿ.ಕಾಂ. ಓದಿದವಳು, ಮಿಲ್ಲಿನಲ್ಲಿ ಪಾಲುದಾರಳು, ಸಂಬಳ, ಪಿ.ಎಫ್. ಎಲ್ಲ ಅವಳ ಕೈಯಲ್ಲೇ. ಖುಷಿ ತಡೆಯಲಾರದೆ ಪತ್ರದ ವಿಷಯ ಹೇಳಿದೆ. ಅವಳು ಕಂಪ್ಯೂಟರಿನಲ್ಲಿ ಅದನ್ನು ತೆರೆದು ಓದಿದಳು. ಓದುತ್ತಾ ಓದುತ್ತಾ ಅವಳ ಕೈ ಹಣೆಗೆ ಹೋಯಿತು.

"ಅಕ್ಕ, ಇದನ್ನ ಬ್ಯಾಂಕಿಗೆ ಕೊಟ್ಟರೆ ಅರ್ಜಿನೇ ಬಿದ್ದುಹೋಗುತ್ತೆ."

ನನಗೆ ಅರ್ಥವಾಗಲಿಲ್ಲ. ಅವಳು ಸಮಾಧಾನವಾಗಿ ತಿಳಿಸಿದಳು. ಬ್ಯಾಂಕಿನವರು ಪತ್ರವನ್ನು ಹಾಗೇ ನಂಬುವುದಿಲ್ಲ. ಮೌನಿಕಾಳ ಖಾತೆಗೆ ತಿಂಗಳು ತಿಂಗಳು ಬಿದ್ದ ಸಂಬಳ ನೋಡುತ್ತಾರೆ, ಪಿ.ಎಫ್. ಪಾಸ್‌ಬುಕ್ಕಿನಲ್ಲಿ ಕೆಲಸಕ್ಕೆ ಸೇರಿದ ತಾರೀಕು ನೋಡುತ್ತಾರೆ, ಸಂಬಳದ ಚೀಟಿ ನೋಡುತ್ತಾರೆ. ಅವುಗಳಲ್ಲಿ ಇರುವುದು ಮೂರು ವರ್ಷ, ರೀಲಿಂಗ್ ಆಪರೇಟರ್, ಹತ್ತೊಂಬತ್ತು ಸಾವಿರ. ಪಿ.ಎಫ್., ಇ.ಎಸ್.ಐ. ಕಳೆದು ಕೈಗೆ ಬರುವುದು ಇನ್ನೂ ಕಡಿಮೆ. ಪತ್ರ ಒಂದು ಹೇಳಿ ಉಳಿದವು ಇನ್ನೊಂದು ಹೇಳಿದರೆ ಸುಳ್ಳು ಕಾಗದ ಕೊಟ್ಟಳೆಂದು ಮಗಳ ಹೆಸರೇ ಕೆಡುತ್ತದೆ.

"ಇಪ್ಪತ್ತೈದು ಸಾವಿರ ಎಲ್ಲಿಂದ ತಂದ್ರೋ ನಮ್ಮ ಅಬ್ಬಾ," ಎಂದಳು. ನನಗೆ ಗೊತ್ತಿತ್ತು. ಮಧ್ಯಾಹ್ನದ ಊಟ, ಯುಗಾದಿ ಸೀರೆ, ರಂಜಾನಿಗೆ ಮನೆಗೆ ಕಳಿಸುವ ಶಾವಿಗೆ, ಡ್ರೈ ಫ್ರೂಟ್ಸು ಎಲ್ಲಕ್ಕೂ ಬೆಲೆ ಕಟ್ಟಿ ಸಂಬಳಕ್ಕೆ ಸೇರಿಸಿದ್ದರು. ನನ್ನೆದುರೇ ಕೂಡಿಸಿದ್ದರು. ನಾನೂ ತಲೆಯಾಡಿಸಿದ್ದೆ.

ಆರು ವರ್ಷ ಮಾತ್ರ ಸುಳ್ಳಲ್ಲ. ಮೊದಲು ನೂಲು ತೆಗೆಯುವ ಬೇಸಿನ್ನಿನ ಮುಂದೆ ಕೂರುತ್ತಿದ್ದವಳು ನಾನು. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳು ಸುಲಿದು ನಾನು ಮನೆಯಲ್ಲಿ ಉಳಿದಾಗ ಮೌನಿಕಾ ನನ್ನ ಜಾಗದಲ್ಲಿ ಕೂತಳು. ನಮ್ಮ ಕಡೆ ಬೇಸಿನ್ನುಗಳಲ್ಲಿ ಅದೇ ರೂಢಿ. ಅಕ್ಕನ ಬದಲು ತಂಗಿ, ಅಮ್ಮನ ಬದಲು ಮಗಳು. ಹಾಜರಿ ಪುಸ್ತಕದಲ್ಲಿ ಹಳೆಯ ಹೆಸರೇ ನಡೆಯುತ್ತದೆ, ಬಟವಾಡೆ ಕೈಗೇ ಬರುತ್ತದೆ. ಮೂರು ವರ್ಷ ಅವಳು ನನ್ನ ಹೆಸರಿನಲ್ಲಿ, ಆಂಜಿನಮ್ಮನಾಗಿಯೇ ದುಡಿದಳು. ಆಮೇಲೆ ಸಾಬರು ಆಟೋಮ್ಯಾಟಿಕ್ ಮೆಷಿನ್ನು ಹಾಕಿಸಿದರು, ಸಂಬಳ ಬ್ಯಾಂಕಿಗೆ ಹೋಗತೊಡಗಿತು, ಆಗ ಅವಳ ಹೆಸರು ಬಂತು.

ಮೌನಿಕಾಳಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಮಿಲ್ಲಿನೊಳಗೆ ಸೈಲೆಂಟ್ ಮಾಡಿದ್ದನ್ನು ಬದಲಿಸಲು ಅವಳಿಗೆ ನೆನಪೇ ಇರುವುದಿಲ್ಲ. ರೂಬಿ ತಂದೆಗೂ ಮಾಡಿದಳು. ಹರಾಜಿನ ಗದ್ದಲದಲ್ಲಿ ಅವರೂ ಎತ್ತಲಿಲ್ಲ. ಅವಳು ಕುರ್ಚಿ ಎಳೆದು ಕೂತು ಟಕಟಕನೆ ಹೊಸ ಪತ್ರ ಟೈಪು ಮಾಡಿದಳು. ಹೆಸರು, ಹುದ್ದೆ, ಸೇರಿದ ತಾರೀಕು, ಈಗಲೂ ಕೆಲಸದಲ್ಲಿದ್ದಾಳೆ ಎನ್ನುವುದು, ತಿಂಗಳ ಒಟ್ಟು ಸಂಬಳ. ಗೃಹಸಾಲಕ್ಕಾಗಿ ಅವಳೇ ಕೇಳಿದ್ದರಿಂದ ಈ ಪತ್ರ ಕೊಡಲಾಗಿದೆ ಎಂದೊಂದು ಸಾಲು. ಕೆಳಗೆ ಸಹಿ, ಸೀಲು, ಫೋನ್ ನಂಬರು. ಒಳ್ಳೆಯವಳು ಎಂದಾದರೂ ಒಂದು ಮಾತು ಹಾಕು ಎಂದು ಕೇಳಿಕೊಂಡೆ. ಒಳ್ಳೆಯವಳೋ ಅಲ್ಲವೋ ಎಂದು ಬ್ಯಾಂಕಿನವರು ಯಾವ ಪುಸ್ತಕದಲ್ಲಿ ನೋಡುತ್ತಾರೆ ಎಂದು ನಕ್ಕಳು.

"ಹತ್ತಿ ಅಕ್ಕ, ಹೋಗಣ," ಎಂದು ಸ್ಕೂಟರ್ ತೆಗೆದಳು.

ಅಷ್ಟು ಜೋರಾಗಿ ನಾನು ಯಾವತ್ತೂ ಹೋದವಳಲ್ಲ. ಪತ್ರ ಸುಕ್ಕಾಗಬಾರದೆಂದು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ರೂಬಿಯ ಸೊಂಟ ಹಿಡಿದು ಕೂತೆ. ಹಿಪ್ಪುನೇರಳೆ ಸೊಪ್ಪು ತುಂಬಿದ ಟೆಂಪೋ ಒಂದು ರಸ್ತೆಯ ತುಂಬಾ ತೂಗಾಡುತ್ತಾ ಹೋಗುತ್ತಿತ್ತು. ಹಾರನ್ನು ಹೊಡೆದರೂ ಬಿಡದು. ಸೊಪ್ಪಿನ ಕಟ್ಟೊಂದು ಬಿಚ್ಚಿಕೊಂಡು ಎಲೆಗಳು ನಮ್ಮ ಮೇಲೆ ಬಿದ್ದವು. ನನಗೆ ಹೆದರಿಕೆಯೂ ಆಗುತ್ತಿತ್ತು, ಹೇಳಲು ನಾಚಿಕೆಯಾಗುವಷ್ಟು ಖುಷಿಯೂ ಆಗುತ್ತಿತ್ತು. ಕೊನೆಗೆ ಒಂದು ತಿರುವಿನಲ್ಲಿ ಜಾಗ ಸಿಕ್ಕಿ ರೂಬಿ ನುಗ್ಗಿಸಿದಳು. ಟೆಂಪೋದವನು ತೆಲುಗಿನಲ್ಲಿ ಏನೋ ಬೈದ. ಅವಳೂ ತೆಲುಗಿನಲ್ಲೇ ತಿರುಗಿಸಿ ಕೊಟ್ಟಳು.

ಬ್ಯಾಂಕಿನಲ್ಲಿ ಮೌನಿಕಾ ಟೋಕನ್ ಹಿಡಿದು ಕೂತಿದ್ದಳು. ಅವಳ ಮುಂದೆ ಒಬ್ಬರೇ ಇದ್ದರು. ತಲೆತುಂಬಾ ಸೊಪ್ಪು ಮೆತ್ತಿಕೊಂಡ ನಮ್ಮನ್ನು ನೋಡಿ ಎದ್ದು ನಿಂತಳು. ರೂಬಿ ತಗ್ಗಿದ ದನಿಯಲ್ಲಿ ಎಲ್ಲ ಹೇಳಿ ಹೊಸ ಪತ್ರ ಕೈಗಿಟ್ಟಳು. ಮಗಳು ಅದನ್ನು ಓದಿದಳು. ಮುಖ ಬಾಡಿತು.

"ಮೂರೇ ವರ್ಷನಾ? ಮತ್ತೆ ನಾನು ಬೇಸಿನ್ ಮುಂದೆ ಕೂತಿದ್ದು ಯಾವ ಲೆಕ್ಕಕ್ಕೆ ಅಮ್ಮ?"

ಅವಳ ಕೈ ಹಿಡಿದುಕೊಂಡೆ. ಅವಳ ಬೆರಳ ತುದಿಗಳೂ ನನ್ನವುಗಳ ಹಾಗೇ ಒರಟು. "ನಂಗೆ ಗೊತ್ತು ಕಣಮ್ಮ," ಎಂದೆ. "ಆದ್ರೆ ಇವ್ರಿಗೆ ತೋರಿಸಕ್ಕೆ ಏನೂ ಇಲ್ಲ."

ಅವಳ ನಂಬರು ಬಂತು. ಒಂದು ಗಳಿಗೆ ಎರಡೂ ಪತ್ರ ನೋಡಿದಳು. ಆಮೇಲೆ ಸಾಬರ ಪತ್ರವನ್ನು ನಾಲ್ಕಾಗಿ ಹರಿದು ನನ್ನ ಚೀಲಕ್ಕೆ ಹಾಕಿ ಒಳಗೆ ನಡೆದಳು. ನಾವಿಬ್ಬರೂ ಅವಳ ಹಿಂದೆ ಹೋದೆವು.

ಸಾಲದ ಅಧಿಕಾರಿ ಸಂಘಮಿತ್ರ ಎಂಬ ಮೇಡಂ. ವಯಸ್ಸು ಚಿಕ್ಕದು, ಮಾತು ಕಡಿಮೆ. ಪತ್ರವನ್ನು ಪಾಸ್‌ಬುಕ್ಕಿನ ಪಕ್ಕ ಇಟ್ಟು, ಸಂಬಳದ ಚೀಟಿಗಳ ಪಕ್ಕ ಇಟ್ಟು, ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದರು. ಎಲ್ಲ ಹೊಂದುತ್ತಿದೆ ಎಂದರು. ನಾನು ಉಸಿರು ಬಿಡುವಷ್ಟರಲ್ಲಿ ಪತ್ರದ ಕೆಳಗಿದ್ದ ನಂಬರಿಗೆ ಫೋನು ಹಚ್ಚಿದರು.

ರೂಬಿಯ ಮುಖ ಬಿಳಿಚಿತು. ಆಫೀಸಿನಲ್ಲಿ ಯಾರೂ ಇಲ್ಲದಾಗ ಆ ಕರೆ ಸಾಬರ ಮೊಬೈಲಿಗೆ ಹೋಗುತ್ತದೆ. ಮಗಳ ಫೋನು ಎತ್ತದ ಮನುಷ್ಯ ಗೊತ್ತಿಲ್ಲದ ನಂಬರನ್ನು ತಕ್ಷಣ ಎತ್ತಿದರು. ಗೂಡು ಮಾರುವವರು ಯಾರೋ ಇರಬೇಕೆಂದುಕೊಂಡಿರಬೇಕು. ಹರಾಜಿನ ಕೂಗು ಫೋನಿನಿಂದಾಚೆ ನಮಗೂ ಕೇಳಿಸುತ್ತಿತ್ತು. ಮೌನಿಕಾ ನಿಮ್ಮಲ್ಲಿ ಕೆಲಸ ಮಾಡ್ತಾರಾ, ಎಷ್ಟು ವರ್ಷದಿಂದ ಎಂದು ಮೇಡಂ ಕೇಳಿದರು. ಅವರ ಪೆನ್ಸಿಲು ನಿಂತಿತು.

"ಆರು ವರ್ಷ ಅಂತಿದ್ದಾರೆ ಇವ್ರು," ಎಂದು ನಮ್ಮ ಕಡೆ ನೋಡಿದರು. "ಪತ್ರದಲ್ಲಿ ಮೂರು ಇದೆಯಲ್ಲ?"

ಮೌನಿಕಾ ಕುರ್ಚಿಯ ಅಂಚಿಗೆ ಸರಿದಳು. ನಾನು ಎದ್ದು ನಿಂತು ಇದ್ದುದನ್ನು ಇದ್ದಂತೆ ಹೇಳಿದೆ. ನನ್ನ ಬದಲು ಅವಳು ಬಂದದ್ದು, ಹೆಸರು ನನ್ನದೇ ಉಳಿದದ್ದು, ಮೆಷಿನ್ನು ಬಂದ ಮೇಲೆ ಬದಲಾದದ್ದು. ಮೇಡಂ ಕೇಳಿಸಿಕೊಂಡರು.

"ನೀವು ಹೇಳೋದು ನಿಜ ಇರಬಹುದು ಅಮ್ಮ. ಆದ್ರೆ ನಾನು ಬರ್ಕೊಳ್ಳೋದು ಕಾಗದ ತೋರಿಸೋದನ್ನ ಮಾತ್ರ. ನಮಗೆ ಮೂರು ವರ್ಷ ಸಾಕು. ಮಾಲೀಕ್ರ ಬಾಯಲ್ಲೂ ಪತ್ರದಲ್ಲೂ ಒಂದೇ ಇರ್ಬೇಕು, ಅಷ್ಟೇ."

ಅರ್ಜಿ ತೆಗೆದುಕೊಂಡು ರಸೀದಿ ಕೊಟ್ಟರು. ಸೋಮವಾರ ಮಿಲ್ಲಿಗೇ ಒಬ್ಬರನ್ನು ಕಳಿಸುತ್ತೇವೆ, ದಾಖಲೆ ನೋಡಿ ಮಾಲೀಕರನ್ನು ಮಾತಾಡಿಸುತ್ತಾರೆ, ಆಗಲೂ ಹೊಂದದಿದ್ದರೆ ವಾಪಸು ಕಳಿಸಬೇಕಾಗುತ್ತದೆ ಎಂದರು. ರಸೀದಿಯ ಫೋಟೋ ಕಂಡ ನಲ್ಲಪ್ಪ ಕಾಯಲು ಒಪ್ಪಿದರು.

ಸಾಬರನ್ನು ಒಪ್ಪಿಸುವುದೇ ಕಷ್ಟವಾಯಿತು. ತಮ್ಮ ಪತ್ರ ಹರಿದರೆಂದು ಮುನಿಸಿಕೊಂಡು ಆ ಸಂಜೆ ಚಹಾ ಕೂಡ ಕುಡಿಯಲಿಲ್ಲವಂತೆ. ಎದುರಿಗೆ ಕೂತು ನೂಲು ತೆಗೆಯುವ ಹುಡುಗಿಯನ್ನು ಆರು ವರ್ಷ ಕಣ್ಣಾರೆ ಕಂಡವನು ಮೂರು ಎಂದು ಹೇಗೆ ಹೇಳಲಿ, ಅದಲ್ಲವೇ ಸುಳ್ಳು ಎಂಬುದು ಅವರ ವಾದ. ರೂಬಿ ಜಗಳ ಆಡಲಿಲ್ಲ. ಬಂದವರು ಎಷ್ಟು ವರ್ಷ ಎಂದು ಕೇಳಿದರೆ ಅವಳ ಹೆಸರಿನಲ್ಲಿ ದಾಖಲೆ ಎಂದಿನಿಂದ ಇದೆಯೋ ಆ ತಾರೀಕು ಹೇಳಿ, ಅದು ಸುಳ್ಳಲ್ಲವಲ್ಲ ಎಂದಳು. ಅದಕ್ಕೆ ಅವರು ಗೊಣಗುತ್ತಲೇ ತಲೆಯಾಡಿಸಿದರು.

ಸೋಮವಾರ ನಾನು ಡಬ್ಬಿ ಕೊಡುವ ನೆಪದಲ್ಲಿ ಬೇಗನೆ ಹೋದೆ. ಬ್ಯಾಂಕು ಕಳಿಸಿದ ರಮೇಶ್‌ಬಾಬು ಎನ್ನುವವರು ಬಂದು, ಬೋರ್ಡಿನ ಫೋಟೋ ತೆಗೆದು, ಮೆಷಿನ್ನಿನ ಹತ್ತಿರ ನಿಂತಿದ್ದ ಮೌನಿಕಾಳನ್ನು ನೋಡಿ ಗುರುತಿನ ಚೀಟಿ ಹೊಂದಿಸಿಕೊಂಡು ಆಫೀಸಿನಲ್ಲಿ ಕೂತರು. ಸಾಬರು ಕನ್ನಡಕ ಹಾಕಿ ದಾಖಲೆ ಪುಸ್ತಕ ಮುಂದಿಟ್ಟುಕೊಂಡು, ಸ್ಕೂಲಿನಲ್ಲಿ ಪಾಠ ಒಪ್ಪಿಸುವವರ ಹಾಗೆ ಬೆರಳಿಟ್ಟು ಓದಿದರು. ಹೆಸರು. ಹುದ್ದೆ. ತಾರೀಕು. ಸಂಬಳ. ಒಂದೊಂದಕ್ಕೂ ಮುಂದೆ ಮಾತು ಸೇರಿಸದಂತೆ ಬಾಯಿ ಬಿಗಿ ಹಿಡಿಯುತ್ತಿದ್ದರು. ಶುಕ್ರವಾರ ಆರು ಅಂದಿದ್ದಿರಲ್ಲ ಎಂದು ರಮೇಶ್‌ಬಾಬು ಕೇಳಿದರು. ಬಾಗಿಲಿನಾಚೆ ಮೌನಿಕಾ ಮೆಷಿನ್ನು ಬಿಟ್ಟು ಇತ್ತ ಕಿವಿ ಇಟ್ಟಿದ್ದಳು.

"ಅವತ್ತು ನೆನಪಿಂದ ಹೇಳ್ದೆ," ಎಂದರು ಸಾಬರು. "ಅವಳ ಹೆಸರಲ್ಲಿ ದಾಖಲೆ ಇರೋದು ಈ ತಾರೀಕಿಂದ. ಅದನ್ನೇ ಬರ್ಕೊಳ್ಳಿ."

ಮುಂದಿನ ವರ್ಷವೂ ಇಲ್ಲೇ ಇರುತ್ತಾರಾ ಎಂಬ ಪ್ರಶ್ನೆ ಬಂತು. ಇವತ್ತು ಇದ್ದಾಳೆ, ನಾಳೆಯದು ನನಗೆ ಗೊತ್ತಿಲ್ಲ ಎಂದರು. ರೂಬಿ ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಗು ಅದುಮಿಕೊಂಡಳು. ರಮೇಶ್‌ಬಾಬು ಬರೆದು ಮುಗಿಸಿ, ಸಹಿ ಹಾಕಿಸಿಕೊಂಡು, ಕಾಗದ ಚೀಲದಲ್ಲಿಟ್ಟರು.

"ಬರ್ದಿದ್ದು ಆಯ್ತಾ?" ಎಂದರು ಸಾಬರು.

"ಆಯ್ತು ಸಾಬ್ರೆ."

"ಹಂಗಾದ್ರೆ ಈಗ ಕೂತ್ಕೊಂಡು ಕೇಳಿ. ಬರೀಬೇಡಿ."

ಚಹಾ ತರಿಸಿ ಶುರು ಮಾಡಿದರು. ಬೇಸಿನ್ನಿನ ಮುಂದೆ ಅವಳು ಮೊದಲು ಕೂತ ದಿನ, ಬಿಸಿನೀರು ಚಿಮ್ಮಿ ಕೈ ಸುಟ್ಟರೂ ಎಳೆ ಬಿಡದೆ ಹಿಡಿದದ್ದು, ಹೊಸ ಮೆಷಿನ್ನಿನ ಬಟನ್ನುಗಳನ್ನು ಎಲ್ಲರಿಗಿಂತ ಮೊದಲು ಕಲಿತದ್ದು. ರಮೇಶ್‌ಬಾಬು ಎರಡು ಸಲ ಗಡಿಯಾರ ನೋಡಿದರು. ಸಾಬರು ಬಿಡಲಿಲ್ಲ. ಅಮ್ಮನ ಹೆಸರಿನಲ್ಲಿ ದುಡಿದ ಆ ಮೂರು ವರ್ಷವನ್ನು ತಿಂಗಳು ತಿಂಗಳಾಗಿ ಹೇಳಿದರು. ಮೆಷಿನ್ನಿನ ಸದ್ದಿನ ನಡುವೆ ಮೌನಿಕಾ ಬೆನ್ನು ತಿರುಗಿಸಿ ನಿಂತು ಕೇಳುತ್ತಿದ್ದಳು. ಅವಳ ಕಿವಿ ಕೆಂಪಗಾಗಿತ್ತು.

ಮುಂದಿನ ವಾರ ಬ್ಯಾಂಕಿನಿಂದ ಫೋನು ಬಂತು. ನಾನು ಪಾತ್ರೆ ತೊಳೆಯುತ್ತಿದ್ದೆ. ಕೇಳಿದಷ್ಟು ಸಾಲ ಮಂಜೂರಾಗಿದೆ, ಸಂಬಳ ನೋಡಿ ಕಂತು ಸಣ್ಣದು ಮಾಡಿ ವರ್ಷ ಜಾಸ್ತಿ ಮಾಡಿದ್ದಾರೆ ಎಂದು ಹೇಳಿ ಮೌನಿಕಾ ನನ್ನ ಸೋಪಿನ ಕೈಗಳನ್ನೇ ಹಿಡಿದು ಗಿರಗಿರನೆ ತಿರುಗಿಸಿದಳು. ಆ ಸಂಜೆಯೇ ಇಬ್ಬರೂ ಮೇಲೂರಿಗೆ ಬಸ್ಸು ಹತ್ತಿದೆವು. ನಲ್ಲಪ್ಪ ಮನೆಯ ಬಾಗಿಲು ತೆಗೆದಿಟ್ಟಿದ್ದರು. ಮೌನಿಕಾ ನೇರ ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ ನೀರು ಬರುತ್ತದೋ ಇಲ್ಲವೋ ನೋಡಿದಳು.